ಚೇತರಿಸಿಕೊಳ್ಳುತ್ತಿರುವ ಡೇಟಾಬೇಸ್‌ಗೆ ಯಾವ ರೀಟ್ರೈ ಒಳ್ಳೆಯದು? ಐದು ದಾರಿಗಳ ಹೋಲಿಕೆ

ಡೇಟಾಬೇಸ್ ಕನೆಕ್ಷನ್ ಕೈಕೊಟ್ಟಾಗ ಮತ್ತೆ ಪ್ರಯತ್ನಿಸುವ ಕೋಡ್ ಬರೆಯಲು ಕೂತರೆ ಮುಂದೆ ಐದು ದಾರಿಗಳಿರುತ್ತವೆ. ಪ್ರತಿ ಸಲವೂ ಒಂದೇ ಅಂತರ ಬಿಟ್ಟು ಪ್ರಯತ್ನಿಸುವುದು ಮೊದಲನೆಯದು. ಸಲದಿಂದ ಸಲಕ್ಕೆ ಅಂತರವನ್ನು ಇಮ್ಮಡಿ ಮಾಡುತ್ತ ಹೋಗುವ ಎಕ್ಸ್‌ಪೊನೆನ್ಷಿಯಲ್ ಬ್ಯಾಕ್‌ಆಫ್ ಎರಡನೆಯದು. ಉಳಿದ ಮೂರರಲ್ಲಿ ಈ ಬ್ಯಾಕ್‌ಆಫ್‌ಗೆ ಜಿಟ್ಟರ್ ಸೇರಿಸುತ್ತೇವೆ, ಅಂದರೆ ಕಾಯುವ ಹೊತ್ತನ್ನು ರ‍್ಯಾಂಡಮ್ ಆಗಿ ಹೆಚ್ಚುಕಮ್ಮಿ ಮಾಡುತ್ತೇವೆ: ಫುಲ್ ಜಿಟ್ಟರ್, ಈಕ್ವಲ್ ಜಿಟ್ಟರ್, ಡಿಕೋರಿಲೇಟೆಡ್ ಜಿಟ್ಟರ್.

ನನ್ನ ಆಯ್ಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಫುಲ್ ಜಿಟ್ಟರ್. ಆದರೆ ಅದರ ಗರಿಷ್ಠ ಮಿತಿಯನ್ನು ಅಂದಾಜಿನಲ್ಲಿ ಇಡದೆ ಲೆಕ್ಕ ಹಾಕಿ ಇಡಬೇಕು. ಬಳಕೆದಾರರ ರಿಕ್ವೆಸ್ಟ್‌ಗಳಿಗಾದರೆ ಜಿಟ್ಟರ್ ಜೊತೆಗೆ ರೀಟ್ರೈ ಬಜೆಟ್, ಅಂದರೆ ಒಟ್ಟು ಎಷ್ಟು ರೀಟ್ರೈಗೆ ಅವಕಾಶ ಎಂಬ ಮಿತಿ, ಕೂಡ ಬೇಕೇ ಬೇಕು. ಯಾಕೆ ಅನ್ನುವುದಕ್ಕೆ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ.

## ಉದಾಹರಣೆ

ಬೆಂಗಳೂರಿನಲ್ಲಿ ಬೆಳಗಿನ ಹಾಲು, ತರಕಾರಿ ಮನೆಗೆ ತಲುಪಿಸುವ ಒಂದು ಆಪ್ ಇದೆ ಅಂದುಕೊಳ್ಳಿ. ಮರುದಿನದ ಆರ್ಡರ್ ಬದಲಾಯಿಸಲು ರಾತ್ರಿ 11 ಗಂಟೆ ಕಡೇ ಗಡುವು. ಹಾಗಾಗಿ ಹತ್ತೂವರೆ ದಾಟಿದ ಮೇಲೆಯೇ ಜನ ಮುಗಿಬೀಳುತ್ತಾರೆ. ಆರ್ಡರ್ ಸರ್ವಿಸ್‌ನ 20 ಪಾಡ್‌ಗಳು ಓಡುತ್ತಿವೆ, ಪ್ರತಿ ಪಾಡ್‌ನಲ್ಲಿ 20 ವರ್ಕರ್‌ಗಳು, ಒಬ್ಬೊಬ್ಬರಿಗೂ ಒಂದೊಂದು ಕನೆಕ್ಷನ್. ಒಟ್ಟು 400. ಹಿಂದಿರುವುದು ಒಂದು ಪೋಸ್ಟ್‌ಗ್ರೆಸ್, ಅದರ `max_connections` 500ಕ್ಕೆ ಇಟ್ಟಿದ್ದಾರೆ.

10:40ಕ್ಕೆ ಆ ಮಶೀನ್‌ನ ಮೆಮೊರಿ ತುಂಬಿ, ಲಿನಕ್ಸ್ ಕರ್ನಲ್ ಒಂದು ಪೋಸ್ಟ್‌ಗ್ರೆಸ್ ಪ್ರೋಸೆಸ್ಸನ್ನು ಕೊಲ್ಲುತ್ತದೆ. ಸತ್ತಿದ್ದು ಒಂದೇ ಪ್ರೋಸೆಸ್ ಆದರೂ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಎಂಬ ಕಾರಣಕ್ಕೆ ಪೋಸ್ಟ್‌ಗ್ರೆಸ್ ಉಳಿದೆಲ್ಲ ಕನೆಕ್ಷನ್‌ಗಳನ್ನೂ ಕಡಿದುಹಾಕಿ, ಬದಲಾವಣೆಗಳ ಲಾಗ್ ಆದ ಡಬ್ಲ್ಯೂಎಎಲ್ ಓದಿಕೊಂಡು ರಿಕವರಿ ಶುರು ಮಾಡುತ್ತದೆ. ನಮ್ಮ ಉದಾಹರಣೆಯಲ್ಲಿ ಇದಕ್ಕೆ 35 ಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತೂ ಬಂದವರಿಗೆಲ್ಲ ಸಿಗುವ ಉತ್ತರ ಒಂದೇ:

```
FATAL:  the database system is in recovery mode
```

ಇಲ್ಲಿ ಒಂದು ವಿಷಯ ಗಮನಿಸಿ. 400 ವರ್ಕರ್‌ಗಳ ಕನೆಕ್ಷನ್ ಕಡಿದಿದ್ದು ಒಂದೇ ಕ್ಷಣದಲ್ಲಿ. ಅಲ್ಲಿಯವರೆಗೆ ಅವರೆಲ್ಲ ತಮ್ಮ ಪಾಡಿಗೆ ಬೇರೆ ಬೇರೆ ಹೊತ್ತಿನಲ್ಲಿ ಕೆಲಸ ಮಾಡುತ್ತಿದ್ದರು. ಆ ಕ್ಷಣ ಎಲ್ಲರ ಗಡಿಯಾರವೂ ಒಟ್ಟಿಗೆ ಸೊನ್ನೆಗೆ ಬಂತು. ರೀಟ್ರೈ ಬಗೆಗಳನ್ನು ಹೋಲಿಸುವಾಗ ನಾವು ಕೇಳಬೇಕಾದ ಪ್ರಶ್ನೆಯೂ ಇದೇ: ಒಂದಾದ ಈ 400 ಗಡಿಯಾರಗಳನ್ನು ಯಾವುದು ಬೇಗ, ಚೆನ್ನಾಗಿ ಚದುರಿಸುತ್ತದೆ?

## ಒಂದೇ ಅಂತರದ ರೀಟ್ರೈ

ಒಂದು ಸೆಕೆಂಡಿಗೊಮ್ಮೆ ಪ್ರಯತ್ನಿಸು ಎಂದು ಬರೆದಿದ್ದರೆ ಪ್ರತಿ ಸೆಕೆಂಡೂ 400 ಕನೆಕ್ಷನ್‌ಗಳು ಒಟ್ಟಿಗೆ ಬಡಿಯುತ್ತವೆ. 35 ಸೆಕೆಂಡಿಗೆ 14,000 ಪ್ರಯತ್ನ. ಪೋಸ್ಟ್‌ಗ್ರೆಸ್ ಪ್ರತಿ ಕನೆಕ್ಷನ್‌ಗೂ ಹೊಸ ಪ್ರೋಸೆಸ್ ಹುಟ್ಟಿಸುತ್ತದೆ. ‘ಇನ್ನೂ ಎದ್ದಿಲ್ಲ’ ಎಂದು ಹೇಳಿ ಕಳಿಸುವುದಕ್ಕೂ ಒಂದು ಪ್ರೋಸೆಸ್ ಬೇಕು. ರಿಕವರಿಗೆ ಸಿಗಬೇಕಾದ ಸಿಪಿಯು ಅಷ್ಟರ ಮಟ್ಟಿಗೆ ಇದಕ್ಕೆ ಹೋಗುತ್ತದೆ.

ಆದರೆ ನಿಜವಾದ ಪೆಟ್ಟು ಬೀಳುವುದು ರಿಕವರಿ ಮುಗಿದ ಮೇಲೆ. ಆಗ ಪೋಸ್ಟ್‌ಗ್ರೆಸ್‌ನ ಷೇರ್ಡ್ ಬಫರ್ಸ್ ಖಾಲಿ, ಎಲ್ಲ ಹೊಸ ಪ್ರೋಸೆಸ್‌ಗಳ ಕ್ಯಾಟಲಾಗ್ ಕ್ಯಾಶ್ ಕೂಡ ಖಾಲಿ. ಮಾಮೂಲಿ ದಿನಗಳಲ್ಲಿ ಸೆಕೆಂಡಿಗೆ 2,000 ಕ್ವೆರಿ ಮುಗಿಸುವ ಡೇಟಾಬೇಸ್ ಈಗ ಎಲ್ಲದಕ್ಕೂ ಡಿಸ್ಕ್‌ಗೆ ಹೋಗಬೇಕಾಗಿ ಬಂದು 150 ಮುಗಿಸುತ್ತದೆ ಅನ್ನಿ. 400 ವರ್ಕರ್‌ಗಳೂ ಒಂದೊಂದು ಕ್ವೆರಿ ಕೊಡುತ್ತಾರೆ. ಪೋಸ್ಟ್‌ಗ್ರೆಸ್ ಅವುಗಳನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ನಡೆಸುತ್ತದೆ. ಹಾಗಾಗಿ ಬಹುತೇಕ ಕ್ವೆರಿಗಳು ಮುಗಿಯುವುದು 400 ಭಾಗಿಸು 150, ಅಂದರೆ ಸುಮಾರು 2.7 ಸೆಕೆಂಡಿಗೆ. ಆಪ್‌ನ ಕ್ವೆರಿ ಟೈಮ್‌ಔಟ್ 2 ಸೆಕೆಂಡ್ ಇದ್ದರೆ ಹೆಚ್ಚುಕಮ್ಮಿ ಯಾರಿಗೂ ಉತ್ತರ ಸಿಗದೆ, ಎಲ್ಲರೂ ಸಾಕೆಟ್ ಮುಚ್ಚಿ ಮತ್ತೆ ಒಟ್ಟಿಗೇ ರೀಟ್ರೈಗೆ ಇಳಿಯುತ್ತಾರೆ.

ಇನ್ನೊಂದು ಕಷ್ಟ ಇದೆ, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಕ್ಲೈಂಟ್ ಬರೀ ಸಾಕೆಟ್ ಮುಚ್ಚಿಕೊಂಡು ಹೋದರೆ, ನಡೆಯುತ್ತಿರುವ ಕ್ವೆರಿಯನ್ನು ಪೋಸ್ಟ್‌ಗ್ರೆಸ್ ತಕ್ಷಣ ನಿಲ್ಲಿಸುವುದಿಲ್ಲ. ಫಲಿತಾಂಶ ಕಳಿಸಲು ಹೋದಾಗಲೇ ಆಚೆ ಯಾರೂ ಇಲ್ಲ ಎಂದು ಅದಕ್ಕೆ ತಿಳಿಯುವುದು. ನಡುವೆ ನೋಡಿಕೊಳ್ಳಲೆಂದು 14ನೇ ಆವೃತ್ತಿಯಲ್ಲಿ `client_connection_check_interval` ಬಂದಿದೆ, ಆದರೆ ಅದು ತಾನಾಗಿ ಆನ್ ಇರುವುದಿಲ್ಲ. ಹೀಗಾಗಿ ಯಾರಿಗೂ ಬೇಡವಾದ ಹಳೆಯ ಕ್ವೆರಿಗಳು ಇನ್ನೂ ಜಾಗ ಹಿಡಿದಿರುವಾಗಲೇ ಹೊಸ ಪ್ರಯತ್ನಗಳು ಬಂದು ಬಡಿಯಬಹುದು. ನೋಡುವವರಿಗೆ ಡೇಟಾಬೇಸ್ ಎದ್ದಿದೆ, ಸಿಪಿಯು ಪೂರ್ತಿ ಓಡುತ್ತಿದೆ, ಆದರೆ ಹೆಚ್ಚುಕಮ್ಮಿ ಯಾರ ಆರ್ಡರ್‌ಗೂ ಉತ್ತರ ಸಿಗುತ್ತಿಲ್ಲ. ಯಾವ ಬಗೆಯ ರೀಟ್ರೈ ಆರಿಸಿದರೂ ಸರಿ, `statement_timeout` ಅನ್ನು ಕ್ಲೈಂಟ್ ಟೈಮ್‌ಔಟ್‌ಗಿಂತ ತುಸು ಕಮ್ಮಿ ಇಟ್ಟುಬಿಡಿ, ಸತ್ತ ಕ್ವೆರಿಗಳು ತಾವಾಗಿಯೇ ಜಾಗ ಬಿಡುತ್ತವೆ.

ಹಳ್ಳಿ ಕಡೆ ತೋಟ ಇರುವವರಿಗೆ ಇದು ಹೊಸದೇನಲ್ಲ. ಪಂಪ್‌ಸೆಟ್‌ಗಳಿಗೆಲ್ಲ ಆಟೋ ಸ್ಟಾರ್ಟರ್ ಹಾಕಿಟ್ಟಿರುತ್ತಾರೆ, ತ್ರೀ ಫೇಸ್ ಬಂದ ಕ್ಷಣವೇ ಊರಿನ ಮೋಟರ್‌ಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆಗಿ ಟಿಸಿಯ ಫ್ಯೂಸ್ ಹೋಗುತ್ತದೆ. ಅಲ್ಲಿ ತಪ್ಪು ಯಾವ ಒಂದು ಮೋಟರ್‌ನದೂ ಅಲ್ಲ.

## ಇಮ್ಮಡಿಸುತ್ತ ಹೋಗುವ ಬ್ಯಾಕ್‌ಆಫ್, ಜಿಟ್ಟರ್ ಇಲ್ಲದೆ

‘ಅಂತರ ದೊಡ್ಡದಾಗ್ತಾ ಹೋದ್ರೆ ಲೋಡ್ ಕಮ್ಮಿ ಆಗುತ್ತಲ್ವಾ ಸಾರ್, ಮತ್ತೆ ಜಿಟ್ಟರ್ ಯಾಕೆ?’ ಹೊಸದಾಗಿ ತಂಡ ಸೇರಿದವರು ಕೋಡ್ ರಿವ್ಯೂನಲ್ಲಿ ಕೇಳುವ ಪ್ರಶ್ನೆ ಇದು. ಉತ್ತರ ಕೊಡಲು ಕಾಗದದ ಮೇಲೆ ಸಮಯ ಬರೆದು ತೋರಿಸುವುದೇ ಸುಲಭ.

ಶುರುವಿನ ಅಂತರ ಅರ್ಧ ಸೆಕೆಂಡ್, ಗರಿಷ್ಠ 20 ಸೆಕೆಂಡ್ ಇಡೋಣ. ಅಂತರಗಳು 0.5, 1, 2, 4, 8, 16, ಆಮೇಲೆ 20. ಕೂಡಿಸುತ್ತ ಹೋದರೆ ಪ್ರಯತ್ನಗಳು ಬೀಳುವುದು 0.5, 1.5, 3.5, 7.5, 15.5, 31.5 ಮತ್ತು 51.5ನೇ ಸೆಕೆಂಡಿನಲ್ಲಿ. ಡೇಟಾಬೇಸ್ ಎದ್ದಿದ್ದು 35ಕ್ಕೆ. ಹದಿನಾರೂವರೆ ಸೆಕೆಂಡ್ ಅದು ಯಾರೂ ಇಲ್ಲದೆ ಸುಮ್ಮನೆ ಕೂತಿರುತ್ತದೆ. 51.5ಕ್ಕೆ 400 ಜನರೂ ಒಂದೇ ಸಲಕ್ಕೆ ಬರುತ್ತಾರೆ. ಒಟ್ಟು ಪ್ರಯತ್ನಗಳು 14,000ದಿಂದ 2,800ಕ್ಕೆ ಇಳಿದಿದ್ದು ನಿಜ, ರಿಕವರಿಗೆ ಅದರಿಂದ ಉಪಕಾರವೂ ಆಯಿತು. ಆದರೆ ಎದ್ದ ಮೇಲೆ ಬಂದ ಗುಂಪು ಒಬ್ಬನೂ ಕಮ್ಮಿಯಾಗಿಲ್ಲ, ಆ 2.7 ಸೆಕೆಂಡಿನ ಲೆಕ್ಕ ಹಾಗೇ ಉಳಿಯಿತು, ಅದರ ಜೊತೆಗೆ ಬಳಕೆದಾರರು ಹದಿನಾರು ಸೆಕೆಂಡ್ ಸುಮ್ಮನೆ ಕಾದರು. ಹಾಗಾಗಿ ಜಿಟ್ಟರ್ ಇಲ್ಲದ ಬ್ಯಾಕ್‌ಆಫನ್ನು ನಾನು ಯಾವ ಸಂದರ್ಭಕ್ಕೂ ಸೂಚಿಸುವುದಿಲ್ಲ.

## ಮೂರು ಬಗೆಯ ಜಿಟ್ಟರ್

ಎಡಬ್ಲ್ಯೂಎಸ್ ಅಲ್ಲದ ಕಡೆಯೂ ಇಂದು ಬಳಕೆಯಲ್ಲಿರುವ ಈ ಮೂರು ಹೆಸರುಗಳು ಜನಪ್ರಿಯವಾಗಿದ್ದು 2015ರಲ್ಲಿ ಅಮೆಜಾನ್‌ನ ಮಾರ್ಕ್ ಬ್ರೂಕರ್ ಮಾಡಿ ತೋರಿಸಿದ ಹೋಲಿಕೆಯಿಂದ. ಸೂತ್ರಗಳು ಹೀಗಿವೆ. ಇಲ್ಲಿ `base` ಶುರುವಿನ ಅಂತರ, `cap` ಗರಿಷ್ಠ ಮಿತಿ, `attempt` ಸೊನ್ನೆಯಿಂದ ಎಣಿಸಿದ ಪ್ರಯತ್ನ, `prev` ಹಿಂದಿನ ಸಲ ಕಾದ ಹೊತ್ತು:

```python
t = min(cap, base * 2 ** attempt)

full  = random.uniform(0, t)
equal = t / 2 + random.uniform(0, t / 2)
decor = min(cap, random.uniform(base, prev * 3))
```

ಫುಲ್ ಜಿಟ್ಟರ್‌ನಲ್ಲಿ ಸೊನ್ನೆಯಿಂದ ಆ ಸಲದ ಮಿತಿಯವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ನಮ್ಮ ಉದಾಹರಣೆಯಲ್ಲಿ 35ನೇ ಸೆಕೆಂಡಿನ ಹೊತ್ತಿಗೆ ಹೆಚ್ಚಿನ ವರ್ಕರ್‌ಗಳು 20 ಸೆಕೆಂಡಿನ ಮಿತಿ ಮುಟ್ಟಿರುತ್ತಾರೆ. ಅಂದರೆ ಸರಾಸರಿ ಕಾಯುವುದು 10 ಸೆಕೆಂಡ್. 400 ಜನ, ತಲಾ 10 ಸೆಕೆಂಡಿಗೊಂದು ಪ್ರಯತ್ನ: ಸೆಕೆಂಡಿಗೆ ಸುಮಾರು 40. ಡೇಟಾಬೇಸ್ ಎದ್ದ ಮೊದಲ ಸೆಕೆಂಡಿನಲ್ಲಿ 40 ಜನ ಒಳಗೆ ಬರುತ್ತಾರೆ, ಮೊದಲ ಐದು ಸೆಕೆಂಡಿನಲ್ಲಿ ಸುಮಾರು 175, ಇಪ್ಪತ್ತು ಸೆಕೆಂಡಿನೊಳಗೆ ಎಲ್ಲರೂ.

ಇದರಿಂದ ಏನಾಯಿತು ನೋಡಿ. 40 ವರ್ಕರ್‌ಗಳಿದ್ದಾಗ, ಡೇಟಾಬೇಸ್ ಇನ್ನೂ ಸೆಕೆಂಡಿಗೆ 150ರಲ್ಲೇ ಇದ್ದರೂ, ಒಂದು ಕ್ವೆರಿಗೆ 0.27 ಸೆಕೆಂಡ್ ಸಾಕು. 175 ಆದಾಗ 1.2 ಸೆಕೆಂಡ್. 2 ಸೆಕೆಂಡಿನ ಟೈಮ್‌ಔಟ್ ಒಳಗೇ ಇದೆ, ಯಾರ ಕೆಲಸವೂ ಪೋಲಾಗುತ್ತಿಲ್ಲ. ಮುಗಿದ ಪ್ರತಿ ಕ್ವೆರಿಯೂ ಒಂದಿಷ್ಟು ಪೇಜ್‌ಗಳನ್ನು ಮೆಮೊರಿಗೆ ತಂದಿಟ್ಟು ಮುಂದಿನವರ ದಾರಿ ಸುಲಭ ಮಾಡುತ್ತದೆ. 400ನೇ ವರ್ಕರ್ ಬರುವ ಹೊತ್ತಿಗೆ ಡೇಟಾಬೇಸ್ ಮೊದಲಿನ ವೇಗಕ್ಕೆ ಹತ್ತಿರ ಬಂದಿರುತ್ತದೆ. ಬಂದವರ ಸಂಖ್ಯೆ ಏರುವ ವೇಗ, ಕ್ಯಾಶ್ ತುಂಬುವ ವೇಗಕ್ಕಿಂತ ಮುಂದೆ ಓಡಬಾರದು. ಚೇತರಿಕೆ ಉಳಿಯುತ್ತದೋ ಮುರಿಯುತ್ತದೋ ಎಂಬುದನ್ನು ತೀರ್ಮಾನಿಸುವುದು ಇದೇ.

ಈಕ್ವಲ್ ಜಿಟ್ಟರ್‌ನಲ್ಲಿ ಅರ್ಧ ಹೊತ್ತು ಕಡ್ಡಾಯ, ಉಳಿದರ್ಧ ರ‍್ಯಾಂಡಮ್. ಮಿತಿ ಮುಟ್ಟಿದ ಮೇಲೆ ಕಾಯುವುದು 10ರಿಂದ 20 ಸೆಕೆಂಡ್, ಸರಾಸರಿ 15. ಯಾರೂ ಎರಡು ಮಿಲಿಸೆಕೆಂಡಿಗೇ ವಾಪಸ್ ಬರುವುದಿಲ್ಲ ಎಂಬ ಸಮಾಧಾನ ಇಲ್ಲಿದೆ, ಹಲವರು ಇದನ್ನು ಆರಿಸುವುದೂ ಅದಕ್ಕೇ. ಆದರೆ ಮೊದಲ ಸುತ್ತುಗಳಲ್ಲಿ ಅರ್ಧ ಹೊತ್ತು ಖಾಲಿ ಹೋಗಿ, ಉಳಿದರ್ಧದಲ್ಲಿ 400 ಜನರೂ ಒತ್ತಿಕೊಂಡು ಬರುತ್ತಾರೆ. ಚದುರಲು ಸಿಕ್ಕ ಜಾಗವೇ ಅರ್ಧ. ಬ್ರೂಕರ್ ಹೋಲಿಕೆಯಲ್ಲೂ ಜಿಟ್ಟರ್ ಬಗೆಗಳ ಪೈಕಿ ಹಿಂದೆ ಬಿದ್ದಿದ್ದು ಇದೇ. ಒಂದೊಂದು ಪ್ರಯತ್ನವೇ ದುಬಾರಿಯಾಗಿದ್ದಾಗ, ಉದಾಹರಣೆಗೆ ರೀಟ್ರೈ ಎಂದರೆ ದೊಡ್ಡದೊಂದು ರಿಪೋರ್ಟ್ ಕ್ವೆರಿಯನ್ನು ಮೊದಲಿನಿಂದ ಓಡಿಸುವುದು ಎಂದಾಗ, ಈಕ್ವಲ್ ಜಿಟ್ಟರ್ ಸರಿ ಅನಿಸುತ್ತದೆ. ಕನೆಕ್ಷನ್ ತೆರೆಯುವುದಕ್ಕೆ ಬೇಡ.

ಡಿಕೋರಿಲೇಟೆಡ್ ಜಿಟ್ಟರ್ ಹಿಂದಿನ ಸಲ ಎಷ್ಟು ಕಾದೆ ಎಂಬುದರ ಮೇಲೆ ಮುಂದಿನದನ್ನು ಆರಿಸುತ್ತದೆ. ಕಡಿಮೆ ಹೊತ್ತಿನ ಅಡಚಣೆಗಳಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಫುಲ್ ಜಿಟ್ಟರ್‌ಗೂ ಇದಕ್ಕೂ ಹೇಳಿಕೊಳ್ಳುವ ಅಂತರವಿಲ್ಲ. ತೊಂದರೆ ಇರುವುದು ದೀರ್ಘ ಅಡಚಣೆಯಲ್ಲಿ. ಹಿಂದಿನ ಸಲ 20 ಸೆಕೆಂಡ್ ಕಾದಿದ್ದರೆ ಈ ಸಲ ಆರಿಸುವುದು 0.5 ಮತ್ತು 60ರ ನಡುವೆ. ಮೂರರಲ್ಲಿ ಎರಡು ಸಲ ಅದು 20 ಮೀರುತ್ತದೆ, `min` ಅದನ್ನು ಸರಿಯಾಗಿ 20ಕ್ಕೇ ಕತ್ತರಿಸುತ್ತದೆ. ಹೊತ್ತು ಹೋದಂತೆ ಬಹಳಷ್ಟು ವರ್ಕರ್‌ಗಳು ನಿಖರ 20 ಸೆಕೆಂಡಿಗೊಮ್ಮೆ ಬರುವವರಾಗುತ್ತಾರೆ. ಅಷ್ಟರಲ್ಲಿ ಅವರು ಚದುರಿರುವುದರಿಂದ ತಕ್ಷಣ ಅನಾಹುತವೇನೂ ಇಲ್ಲ, ಆದರೆ ಮತ್ತಷ್ಟು ಚದುರಿಸುವ ಶಕ್ತಿ ಕುಂದಿತು. ಜೊತೆಗೆ ಪ್ರತಿ ವರ್ಕರ್‌ನ ಹಿಂದಿನ ಅಂತರವನ್ನು ನೆನಪಿಟ್ಟುಕೊಳ್ಳಬೇಕು. ಇಷ್ಟಕ್ಕೆ ಸಿಗುವ ಲಾಭ ನನಗೆ ಸಾಲದು.

## ಮಿತಿಯನ್ನು ಹೇಗೆ ಆರಿಸುವುದು

ಯಾವ ಜಿಟ್ಟರ್ ಎಂದು ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ, `cap` ಎಷ್ಟು ಎನ್ನುವುದನ್ನು ಮಾತ್ರ ಯಾವುದೋ ಲೈಬ್ರರಿಯ ಡೀಫಾಲ್ಟ್‌ಗೆ ಬಿಟ್ಟುಬಿಡುತ್ತೇವೆ. ಚೇತರಿಕೆಯ ಹೊತ್ತಿನಲ್ಲಿ ಲೋಡ್ ನಿರ್ಧರಿಸುವುದು ಈ ಸಂಖ್ಯೆಯೇ. ಫುಲ್ ಜಿಟ್ಟರ್‌ನಲ್ಲಿ ಸರಾಸರಿ ಕಾಯುವಿಕೆ ಮಿತಿಯ ಅರ್ಧ, ಹಾಗಾಗಿ ಲೆಕ್ಕ ಸರಳ:

```
cap = 2 * N / r
```

`N` ಒಟ್ಟು ವರ್ಕರ್‌ಗಳು, `r` ಆಗತಾನೇ ಎದ್ದ ಡೇಟಾಬೇಸ್ ಒಂದು ಸೆಕೆಂಡಿಗೆ ತಡೆದುಕೊಳ್ಳಬಲ್ಲ ಹೊಸ ಕನೆಕ್ಷನ್‌ಗಳು. 400 ಮತ್ತು 40 ಹಾಕಿದರೆ 20 ಸೆಕೆಂಡ್. `N` ಎಣಿಸುವಾಗ ಇವತ್ತು ಓಡುತ್ತಿರುವ ಪಾಡ್‌ಗಳನ್ನಲ್ಲ, ಆಟೋಸ್ಕೇಲರ್ ಏರಿಸಬಲ್ಲ ಗರಿಷ್ಠ ಸಂಖ್ಯೆಯನ್ನು ಹಿಡಿಯಿರಿ. ಡೇಟಾಬೇಸ್ ಮಲಗಿದಾಗ ರಿಕ್ವೆಸ್ಟ್‌ಗಳು ಪೇರಿಸಿಕೊಂಡು ಪಾಡ್‌ಗಳು 40ಕ್ಕೆ ಏರಿದರೆ ವರ್ಕರ್‌ಗಳು 800, `max_connections` 500. ಆಗ ಕಾಣುವುದು `sorry, too many clients already` ಎಂಬ ಬೇರೆಯದೇ ಎರರ್, ಅದಕ್ಕೆ ಯಾವ ಜಿಟ್ಟರೂ ಮದ್ದಲ್ಲ.

ಶುರುವಿನ ಅಂತರವಾದ `base` ಎರರ್ ಮೇಲೆ ನಿಂತಿದೆ. ಡೆಡ್‌ಲಾಕ್ ಎರರ್ `40P01` ಅಥವಾ ಸೀರಿಯಲೈಸೇಶನ್ ಎರರ್ `40001` ಬಂದರೆ ಡೇಟಾಬೇಸ್ ಆರೋಗ್ಯವಾಗಿಯೇ ಇದೆ, ಇಬ್ಬರು ಒಂದೇ ಸಾಲಿಗೆ ಕೈ ಹಾಕಿದ್ದಾರೆ ಅಷ್ಟೆ. ಅಲ್ಲಿ 20ರಿಂದ 50 ಮಿಲಿಸೆಕೆಂಡ್ ಸಾಕು. ‘ರಿಕವರಿ ಮೋಡ್’ ಎರರ್ `57P03`ಕ್ಕೆ ಅರ್ಧ ಸೆಕೆಂಡಿಗಿಂತ ಕಮ್ಮಿ ಇಡುವುದರಲ್ಲಿ ಅರ್ಥವಿಲ್ಲ. ಪಾಸ್‌ವರ್ಡ್ ತಪ್ಪು, ಟೇಬಲ್ ಇಲ್ಲ ಎನ್ನುವಂಥವಕ್ಕೆ ರೀಟ್ರೈ ಮಾಡಲೇಬಾರದು.

## ಬಳಕೆದಾರರ ರಿಕ್ವೆಸ್ಟ್‌ಗೆ ಬೇರೆ ಲೆಕ್ಕ

ಇಲ್ಲಿಯವರೆಗಿನ ಲೆಕ್ಕ ನಿಂತಿರುವುದು ವರ್ಕರ್‌ಗಳು 400 ಮಾತ್ರ, ಒಂದು ಪ್ರಯತ್ನ ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ ಎಂಬುದರ ಮೇಲೆ. ಬಳಕೆದಾರರು ಹಾಗಲ್ಲ. ಗಡುವು ಹತ್ತಿರ ಬಂದಾಗ ಸೆಕೆಂಡಿಗೆ 300 ಹೊಸ ರಿಕ್ವೆಸ್ಟ್‌ಗಳು ಬರುತ್ತಲೇ ಇರುತ್ತವೆ, ನೀವು ಎಷ್ಟು ಚೆನ್ನಾಗಿ ಬ್ಯಾಕ್‌ಆಫ್ ಮಾಡಿದರೂ ಅವು ನಿಲ್ಲುವುದಿಲ್ಲ. ಪ್ರತಿ ರಿಕ್ವೆಸ್ಟ್‌ಗೂ ಮೂರು ರೀಟ್ರೈ ಇದ್ದರೆ, ಎಲ್ಲವೂ ಸೋಲುತ್ತಿರುವಾಗ ಒಟ್ಟು ಪ್ರಯತ್ನ ಸೆಕೆಂಡಿಗೆ 1,200. ಬ್ಯಾಕ್‌ಆಫ್ ಆ ಪ್ರಯತ್ನಗಳನ್ನು ಕೆಲ ಸೆಕೆಂಡ್ ಮುಂದಕ್ಕೆ ತಳ್ಳುತ್ತದೆ, ಕಮ್ಮಿ ಮಾಡುವುದಿಲ್ಲ. ಮುಂದಕ್ಕೆ ತಳ್ಳಿದ ಹಳೆಯವು ಇವತ್ತಿನ ಹೊಸವುಗಳ ಜೊತೆಗೇ ಬಂದು ಸೇರುತ್ತವೆ.

ಇಲ್ಲಿ ಬೇಕಿರುವುದು ರೀಟ್ರೈ ಬಜೆಟ್. ಪ್ರತಿ ಪಾಡ್‌ನಲ್ಲಿ ಒಂದು ಟೋಕನ್ ಖಾತೆ ಇಡಿ. ಯಶಸ್ವಿಯಾದ ಪ್ರತಿ ರಿಕ್ವೆಸ್ಟ್‌ಗೂ 0.1 ಟೋಕನ್ ಜಮಾ, ಪ್ರತಿ ರೀಟ್ರೈಗೂ 1 ಟೋಕನ್ ಖರ್ಚು, ಖಾತೆಗೆ 10ರಷ್ಟು ಮೇಲ್ಮಿತಿ. ಮಾಮೂಲಿ ದಿನಗಳಲ್ಲಿ ಅಲ್ಲೊಂದು ಇಲ್ಲೊಂದು ಸೋತಾಗ ಟೋಕನ್ ಇರುತ್ತದೆ, ಬಳಕೆದಾರರಿಗೆ ಗೊತ್ತೇ ಆಗದೆ ರೀಟ್ರೈ ನಡೆಯುತ್ತದೆ. ಡೇಟಾಬೇಸ್ ಪೂರ್ತಿ ಮಲಗಿದರೆ ಟೋಕನ್ ಬೇಗ ಖಾಲಿಯಾಗಿ, 1,200ರ ಬದಲು ಮೂಲದ 300 ಮಾತ್ರ ಉಳಿಯುತ್ತವೆ. ಎಡಬ್ಲ್ಯೂಎಸ್ ಎಸ್‌ಡಿಕೆಗಳ ಸ್ಟ್ಯಾಂಡರ್ಡ್ ಮೋಡ್ ಒಳಗೂ ಇಂಥದ್ದೇ ಟೋಕನ್ ಲೆಕ್ಕ ಇದೆ.

ರೀಟ್ರೈ ಒಂದೇ ಪದರದಲ್ಲಿ ಇರಲಿ. ಮೊಬೈಲ್ ಆಪ್, ಗೇಟ್‌ವೇ, ಆರ್ಡರ್ ಸರ್ವಿಸ್ ಮೂರೂ ತಲಾ ಮೂರು ಸಲ ಪ್ರಯತ್ನಿಸಿದರೆ ಬಳಕೆದಾರರು ಒಮ್ಮೆ ಬಟನ್ ಒತ್ತಿದ್ದಕ್ಕೆ ಡೇಟಾಬೇಸ್ ನೋಡುವುದು 27 ಪ್ರಯತ್ನ. ಯಾರಿಗೂ ತಮ್ಮ ಪದರದಲ್ಲಿ ತಪ್ಪು ಕಾಣುವುದಿಲ್ಲ. ಡೇಟಾಬೇಸ್‌ಗೆ ಹತ್ತಿರದ ಪದರಕ್ಕೆ ಎರರ್ ಯಾವ ಬಗೆಯದ್ದು ಎಂದು ಗೊತ್ತಿರುತ್ತದೆ, ಹಾಗಾಗಿ ನಾನು ಅಲ್ಲೇ ಇಡುತ್ತೇನೆ.

ಬರೆಯುವ ಕ್ವೆರಿಗಳಿಗೆ ಇನ್ನೊಂದು ಎಚ್ಚರಿಕೆ. `COMMIT` ಕಳಿಸಿದ ಮೇಲೆ, ಉತ್ತರ ಬರುವ ಮುಂಚೆ ಕನೆಕ್ಷನ್ ಕಡಿದರೆ ಆರ್ಡರ್ ಸೇವ್ ಆಯಿತೋ ಇಲ್ಲವೋ ಕ್ಲೈಂಟ್‌ಗೆ ತಾನಾಗಿ ತಿಳಿಯುವುದಿಲ್ಲ. ಕಣ್ಣುಮುಚ್ಚಿ ರೀಟ್ರೈ ಮಾಡಿದರೆ ಬೆಳಗ್ಗೆ ಬಾಗಿಲಿಗೆ ಎರಡು ಲೀಟರ್ ಬದಲು ನಾಲ್ಕು ಲೀಟರ್ ಹಾಲು ಬಂದಿರುತ್ತದೆ. ಮೊದಲ ಪ್ರಯತ್ನಕ್ಕೂ ಮುಂಚೆಯೇ ಒಂದು ಗುರುತಿನ ಸಂಖ್ಯೆ ಹುಟ್ಟಿಸಿ, ಅದರ ಮೇಲೆ ಯೂನಿಕ್ ಇಂಡೆಕ್ಸ್ ಇಟ್ಟು, ಎಲ್ಲ ಪ್ರಯತ್ನಗಳಲ್ಲೂ ಅದನ್ನೇ ಕಳಿಸಿ:

```sql
INSERT INTO orders (request_id, user_id, items)
VALUES ($1, $2, $3)
ON CONFLICT (request_id) DO NOTHING;
```

## ಜಿಟ್ಟರ್ ನಿಜವಾಗಿ ಕೆಲಸ ಮಾಡುತ್ತಿದೆಯೇ?

ಕೋಡ್‌ನಲ್ಲಿ `random` ಇದ್ದಮಾತ್ರಕ್ಕೆ ಚದುರುತ್ತದೆ ಎಂದಲ್ಲ. ಗೋ ಭಾಷೆಯಲ್ಲಿ 1.20ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ `math/rand`ಗೆ ನೀವಾಗಿ ಸೀಡ್ ಕೊಡದಿದ್ದರೆ ಪ್ರತಿ ಪ್ರೋಸೆಸ್ಸಿಗೂ ಒಂದೇ ಸಂಖ್ಯೆಗಳ ಸಾಲು ಬರುತ್ತಿತ್ತು. 20 ಪಾಡ್‌ಗಳು 20 ಕಡೆ ಅದೇ ‘ರ‍್ಯಾಂಡಮ್’ ಹೊತ್ತು ಕಾದು ಒಟ್ಟಿಗೇ ಬರುತ್ತಿದ್ದವು. ಒಂದೇ ಪಾಡ್ ಇಟ್ಟುಕೊಂಡು ಟೆಸ್ಟ್ ಮಾಡಿದರೆ ಇದು ಎಂದೂ ಸಿಕ್ಕಿಬೀಳುವುದಿಲ್ಲ.

ಗ್ರಾಫ್‌ಗಳನ್ನೂ ಪೂರ್ತಿ ನಂಬಬೇಡಿ. ಒಂದು ನಿಮಿಷದ ಸರಾಸರಿಯಲ್ಲಿ 51.5ನೇ ಸೆಕೆಂಡಿನ 400ರ ಹೊಡೆತ, ಸೆಕೆಂಡಿಗೆ ಏಳೇ ಕನೆಕ್ಷನ್ ಬಂದಂತೆ ಕಾಣುತ್ತದೆ. ಸ್ಟೇಜಿಂಗ್‌ನಲ್ಲಿ `log_connections` ಆನ್ ಮಾಡಿ, ಪಾಡ್‌ಗಳೆಲ್ಲ ಓಡುತ್ತಿರುವಾಗ ಒಂದು ಪೋಸ್ಟ್‌ಗ್ರೆಸ್ ಬ್ಯಾಕೆಂಡ್ ಪ್ರೋಸೆಸ್ಸನ್ನು `kill -9` ಮಾಡಿ, ಆಮೇಲೆ ಲಾಗ್‌ನಲ್ಲಿ ಸೆಕೆಂಡ್ ಸೆಕೆಂಡಿಗೆ ಎಣಿಸಿ:

```
grep "connection received" postgresql.log | cut -c1-19 | sort | uniq -c
```

ಲಾಗ್ ಸಾಲು ದಿನಾಂಕ, ಸಮಯದಿಂದ ಶುರುವಾಗುವ ಡೀಫಾಲ್ಟ್ ರೂಪದಲ್ಲಿದ್ದರೆ ಈ ಕಮಾಂಡ್ ಹಾಗೇ ನಡೆಯುತ್ತದೆ. ಸ್ಟೇಜಿಂಗ್‌ನಲ್ಲಿ ಡೇಟಾ ಕಮ್ಮಿ ಇದ್ದು ರಿಕವರಿ ಎರಡೇ ಸೆಕೆಂಡಿಗೆ ಮುಗಿದರೆ ವರ್ಕರ್‌ಗಳು ಮಿತಿಯವರೆಗೆ ಹೋಗಿರುವುದಿಲ್ಲ, ಆಗ ಕಾಣುವುದು ಮೊದಲ ಸುತ್ತುಗಳ ನೂಕುನುಗ್ಗಲು ಮಾತ್ರ. ಅಂಥ ಕಡೆ ಪೋಸ್ಟ್‌ಗ್ರೆಸ್ಸನ್ನು ಒಂದು ನಿಮಿಷ ಪೂರ್ತಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ. ‘ರೆಡಿ ಟು ಆಕ್ಸೆಪ್ಟ್ ಕನೆಕ್ಷನ್ಸ್’ ಎಂಬ ಸಾಲಿನ ನಂತರ ಎಡಗಡೆಯ ಎಣಿಕೆ 30, 40ರ ಆಸುಪಾಸಿನಲ್ಲಿ ಶುರುವಾಗಿ ನಿಧಾನಕ್ಕೆ ಇಳಿಯುತ್ತ ಹೋದರೆ ಜಿಟ್ಟರ್ ಮತ್ತು ಮಿತಿ ಎರಡೂ ಸರಿಯಾಗಿವೆ. ಕೆಲವು ಸೆಕೆಂಡ್ ಖಾಲಿ ಇದ್ದು ಒಮ್ಮೆಲೇ 400 ಕಂಡರೆ ಜಿಟ್ಟರ್ ಕೋಡ್ ಓಡುತ್ತಲೇ ಇಲ್ಲ. 20, 40, 60 ಹೀಗೆ ಇಪ್ಪತ್ತರ ಗುಂಪುಗಳಲ್ಲೇ ಬರುತ್ತಿದ್ದರೆ ಪಾಡ್‌ಗಳ ನಡುವೆ ಸೀಡ್ ಒಂದೇ ಆಗಿದೆಯೇ, ಇಲ್ಲವೇ ಪಾಡ್ ಒಳಗಿನ ವರ್ಕರ್‌ಗಳೆಲ್ಲ ಒಂದೇ ಕಾಯುವ ಹೊತ್ತನ್ನು ಹಂಚಿಕೊಳ್ಳುತ್ತಿದ್ದಾರೆಯೇ ಎಂದು ಹುಡುಕಿ.